ಕಿವಿಗೆ ಕಾಣುವ ಕುರ್ತಾ: ಬಟ್ಟೆಯ ಫೋಟೋಗೆ ಆಲ್ಟ್ ಟೆಕ್ಸ್ಟ್ ಬರೆಯೋದು ಹೇಗೆ?

ಇವತ್ತಿನ ಸಂಚಿಕೆಯಲ್ಲಿ ಒಂದು ಕುರ್ತಾದ ಫೋಟೋ ಇದೆ. ಆದರೆ ಇದು ಪಾಡ್‌ಕಾಸ್ಟ್, ಹಾಗಾಗಿ ಆ ಫೋಟೋ ನಿಮಗೆ ಕಾಣಿಸೋದಿಲ್ಲ. ನಾನು ಹೇಳುವ ಮಾತಿನಿಂದಲೇ ನೀವು ಅದನ್ನ ಮನಸ್ಸಲ್ಲಿ ಹೊಲಿದುಕೊಳ್ಳಬೇಕು. ಇಂಥ ಮಾತನ್ನೇ ಆಲ್ಟ್ ಟೆಕ್ಸ್ಟ್ ಅನ್ನೋದು.

ವೆಬ್ ಪುಟದಲ್ಲಿ ಪ್ರತಿ ಚಿತ್ರದ ಜೊತೆ `alt` ಅಂತ ಒಂದು ಜಾಗ ಇರುತ್ತೆ. ಅಲ್ಲಿ ಬರೆದದ್ದನ್ನ ಸ್ಕ್ರೀನ್ ರೀಡರ್ ತಂತ್ರಾಂಶ ದೃಷ್ಟಿ ಇಲ್ಲದವರಿಗೆ ಓದಿ ಹೇಳುತ್ತೆ. ಆ ಜಾಗವನ್ನೇ ಬಿಟ್ಟುಬಿಟ್ಟರೆ ಎಷ್ಟೋ ಸಲ ಫೈಲಿನ ಹೆಸರನ್ನೇ, ಅಂದರೆ ಒಂದಷ್ಟು ಅಕ್ಷರ, ಅಂಕಿಗಳನ್ನ ಓದಿಬಿಡುತ್ತೆ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 28ರಿಂದ ಆನ್‌ಲೈನ್ ಅಂಗಡಿಗಳೂ ಎಲ್ಲರಿಗೂ ಬಳಸೋಕೆ ಬರುವಂತಿರಬೇಕು ಅನ್ನೋ ಕಾನೂನು ಜಾರಿಯಲ್ಲಿದೆ. ತೀರಾ ಸಣ್ಣ ಅಂಗಡಿಗಳಿಗೆ ಮಾತ್ರ ವಿನಾಯಿತಿ. ಆದರೆ ಪುಟವನ್ನ ಪರೀಕ್ಷೆ ಮಾಡುವ ತಂತ್ರಾಂಶಕ್ಕೆ ಆ ಜಾಗ ತುಂಬಿದೆಯೋ ಇಲ್ಲವೋ ಅಂತ ಗೊತ್ತಾಗುತ್ತೆಯೇ ಹೊರತು, ತುಂಬಿದ್ದು ಉಪಯೋಗಕ್ಕೆ ಬರುತ್ತಾ ಅನ್ನೋದು ಗೊತ್ತಾಗಲ್ಲ. "ಸುಂದರವಾದ ನೀಲಿ ಕುರ್ತಾ" ಅಂತ ಬರೆದರೂ ಅದು ಪಾಸ್.

ಈಗ ಫ್ರಾಂಕ್‌ಫರ್ಟ್‌ನಲ್ಲಿರುವ ಒಬ್ಬ ಕನ್ನಡತಿಯನ್ನ ಕಲ್ಪಿಸಿಕೊಳ್ಳಿ. ಅವರಿಗೆ ಕಣ್ಣು ಕಾಣಿಸೋದಿಲ್ಲ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಅಂತ ಕುರ್ತಾ ಕೊಳ್ಳೋಕೆ ಹೊರಟಿದ್ದಾರೆ. ಇದು ಎಲ್ಲಿವರೆಗೂ ಬರುತ್ತೆ? ಎಲ್ಲಿ ಬಿಗಿ, ಎಲ್ಲಿ ಸಡಿಲ? ಮನೆಯಲ್ಲಿರೋ ಕೆನೆ ಬಣ್ಣದ ಪ್ಯಾಂಟಿಗೆ ಹೊಂದುತ್ತಾ? ಒಳಗೆ ಸ್ಲಿಪ್ ಬೇಕಾ? ಕಣ್ಣಿರುವವರು ಈ ನಾಲ್ಕೂ ಪ್ರಶ್ನೆಗೆ ಫೋಟೋ ನೋಡಿದ ತಕ್ಷಣ ಉತ್ತರ ಕಂಡುಕೊಳ್ಳುತ್ತಾರೆ. ಆಲ್ಟ್ ಟೆಕ್ಸ್ಟ್ ಕೊಡಬೇಕಾದ್ದೂ ಇದೇ ಉತ್ತರಗಳನ್ನ. "ಸುಂದರ" ಅನ್ನೋ ಪದ ಈ ನಾಲ್ಕರಲ್ಲಿ ಒಂದಕ್ಕೂ ಉತ್ತರ ಕೊಡಲ್ಲ.

ಮೊದಲು ಕಟ್. ಅಂಗಡಿಯವರು ಇದನ್ನ "ಎ-ಲೈನ್ ಕುರ್ತಾ" ಅಂತಾರೆ. ಇಲ್ಲೊಂದು ತಮಾಷೆ ಇದೆ. ಇಂಗ್ಲಿಷಿನ ಎ ಅಕ್ಷರದ ಹಾಗೆ ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದೆ ಅಂತ ಆ ಹೆಸರು. ಆದರೆ ಬ್ರೈಲ್‌ನಲ್ಲಿ ಎ ಅಂದರೆ ಒಂದೇ ಒಂದು ಚುಕ್ಕಿ! ವಿ-ನೆಕ್, ಯು-ನೆಕ್ ಕಥೆಯೂ ಇದೇ. ಈ ಹೆಸರುಗಳು ಹೊಲಿಗೆ ಗೊತ್ತಿರೋ ಅಂಧರಿಗೆ ಪರಿಚಯ ಇರಬಹುದು, ಆದ್ದರಿಂದ ಬಿಡೋದು ಬೇಡ. ಆದರೆ ಜೊತೆಗೆ ಮೈಮೇಲಿನ ಗುರುತು ಹೇಳಿ: ಭುಜಕ್ಕೆ ಸರಿಯಾಗಿ ಕೂತಿದೆ, ಕಂಕುಳಿಂದ ಕೆಳಗೆ ಅಗಲ ಆಗ್ತಾ ಹೋಗುತ್ತೆ, ಮೊಣಕಾಲಿನ ಕೆಳಗೆ ಮುಗಿಯುತ್ತೆ. ಭುಜ, ಮೊಣಕೈ, ಸೊಂಟ, ಮೊಣಕಾಲು ಎಲ್ಲರ ಹತ್ತಿರವೂ ಇರೋ ಅಳತೆಪಟ್ಟಿ. ಒಂದು ಎಚ್ಚರ: ರೂಪದರ್ಶಿ ಎತ್ತರವಾಗಿದ್ದರೆ ಫೋಟೋದಲ್ಲಿ ಮೊಣಕಾಲಿಗೆ ನಿಂತದ್ದು ನಿಮಗೆ ಇನ್ನೂ ಕೆಳಗೆ ಬರುತ್ತೆ. ಅದಕ್ಕೇ ಉದ್ದ ಎಷ್ಟು ಸೆಂಟಿಮೀಟರ್ ಅನ್ನೋದು ಪುಟದ ವಿವರಣೆಯಲ್ಲಿ ಇರಲೇಬೇಕು.

ಆಮೇಲೆ ಬಣ್ಣ. ಹುಟ್ಟಿನಿಂದಲೇ ಕಣ್ಣು ಕಾಣದವರಿಗೆ ಬಣ್ಣ ಯಾಕೆ ಅಂತ ಕೆಲವರು ಕೇಳ್ತಾರೆ. ಯಾವ ಬಣ್ಣಕ್ಕೆ ಯಾವುದು ಹೊಂದುತ್ತೆ, ಮದುವೆಗೆ ಯಾವುದು, ಆಫೀಸಿಗೆ ಯಾವುದು ಅನ್ನೋದು ಅವರಿಗೂ ಚೆನ್ನಾಗಿ ಗೊತ್ತು. ಜೊತೆಗೆ ಅಂಧರಲ್ಲಿ ಅನೇಕರು ಮುಂಚೆ ನೋಡಿದವರು, ಅಥವಾ ಈಗಲೂ ಸ್ವಲ್ಪ ಕಾಣುವವರು. ಹಾಗಾಗಿ ಬಣ್ಣದ ಹೆಸರು, ಅದು ಗಾಢವೋ ತಿಳಿಯೋ, ಇನ್ನೊಂದು ಬಣ್ಣ ಇದ್ದರೆ ಅದು ಎಲ್ಲಿದೆ, ಈ ಮೂರನ್ನ ಹೇಳಿ. "ಮಿಡ್‌ನೈಟ್ ಮ್ಯಾಜಿಕ್" ಅನ್ನೋ ಹೆಸರಿಂದ ಪ್ಯಾಂಟ್ ಆರಿಸೋಕಾಗಲ್ಲ. "ಕಪ್ಪಿಗೆ ಹತ್ತಿರದ ಗಾಢ ನೀಲಿ" ಅಂದರೆ ಆಗುತ್ತೆ. ಗಿಳಿ ಹಸಿರು, ಇಟ್ಟಿಗೆ ಕೆಂಪು, ಬದನೆಕಾಯಿ ಬಣ್ಣ ಅಂತ ನಮ್ಮ ಸೀರೆ ಅಂಗಡಿಗಳಲ್ಲಿ ಬಳಸೋ ಮಾತುಗಳೇ ಇಲ್ಲಿ ಕೆಲಸಕ್ಕೆ ಬರುತ್ತವೆ. ಆದರೆ ಹಳದಿ ದೀಪದ ಕೆಳಗೆ ತೆಗೆದ ಫೋಟೋದಲ್ಲಿ ಗಾಢ ನೀಲಿ ಕಪ್ಪಾಗಿಯೇ ಕಾಣಬಹುದು. ಬರೆಯುವ ಮುಂಚೆ ಬಟ್ಟೆಯನ್ನೇ ಕಿಟಕಿ ಹತ್ತಿರ ಹಗಲು ಬೆಳಕಲ್ಲಿ ನೋಡೋದು ಒಳ್ಳೆಯದು.

ಮೂರನೆಯದು ಬಟ್ಟೆ. ಹೆಚ್ಚು ಎಡವೋದು ಇಲ್ಲೇ. ಫೋಟೋ ನೋಡಿ ನೂಲು ಯಾವುದು ಅಂತ ಹೇಳೋಕಾಗಲ್ಲ. ಸ್ಯಾಟಿನ್ ಅನ್ನೋದು ನೇಯ್ಗೆಯ ಹೆಸರು, ನೂಲಿನದಲ್ಲ. ರೇಷ್ಮೆಯಿಂದ ನೇಯ್ದ ಸ್ಯಾಟಿನ್, ಪಾಲಿಯೆಸ್ಟರ್‌ನಿಂದ ನೇಯ್ದದ್ದು, ಎರಡೂ ಫೋಟೋದಲ್ಲಿ ಒಂದೇ ಥರ ಹೊಳೆಯುತ್ತವೆ. ಹಾಗಾಗಿ ನೂಲಿನ ಹೆಸರನ್ನ ಒಳಗಿನ ಲೇಬಲ್ ನೋಡಿಯೇ ಬರೆಯಬೇಕು.

ಹಾಗಾದರೆ ಫೋಟೋ ಏನನ್ನ ನಿಜವಾಗಿ ತೋರಿಸುತ್ತೆ? ಹೊಳಪು, ಪಾರದರ್ಶಕತೆ, ಮಡಿಕೆ. ಉದ್ದನೆಯ ನುಣುಪಾದ ಎಳೆಗಳು ಬೆಳಕನ್ನ ಒಂದೇ ಕಡೆಗೆ ತಿರುಗಿಸುತ್ತವೆ, ಅದು ಹೊಳಪು. ಹತ್ತಿಯ ಎಳೆಗಳು ಗಿಡ್ಡ, ನೂಲಿನ ಮೇಲೆ ಸಣ್ಣ ರೋಮ. ಬೆಳಕು ಚದುರಿಹೋಗಿ ಬಟ್ಟೆ ಮಂಕಾಗಿ ಕಾಣುತ್ತೆ. ಇನ್ನು ಮಡಿಕೆ. ಬಟ್ಟೆ ಎಷ್ಟು ಸುಲಭವಾಗಿ ಇಳಿಬೀಳುತ್ತೆ ಅಂತ ಅಳೆಯೋಕೆ ಕ್ಯೂಸಿಕ್ ಡ್ರೇಪ್ ಮೀಟರ್ ಅನ್ನೋ ಉಪಕರಣ ಇದೆ. 18 ಸೆಂಟಿಮೀಟರ್ ಅಗಲದ ತಟ್ಟೆಯ ಮೇಲೆ 30 ಸೆಂಟಿಮೀಟರ್ ಅಗಲದ ದುಂಡು ಬಟ್ಟೆ ಹಾಸಿ, ಕೆಳಗೆ ಇಳಿಬಿದ್ದ ಅಂಚಿನ ನೆರಳನ್ನ ಅಳೀತಾರೆ. ಬಿರುಸು ಬಟ್ಟೆ ಅಗಲವಾಗಿಯೇ ನಿಲ್ಲುತ್ತೆ, ನೆರಳು ದೊಡ್ಡದು. ಮೆದು ಬಟ್ಟೆ ಸಣ್ಣ ಸಣ್ಣ ಮಡಿಕೆಯಾಗಿ ಬಿದ್ದು ನೆರಳು ಚಿಕ್ಕದಾಗುತ್ತೆ. ಕುರ್ತಾದ ಅಂಚನ್ನ ನೋಡಿ ನಮ್ಮ ಕಣ್ಣು ಮಾಡೋದೂ ಇದೇ ಲೆಕ್ಕ. ಅದನ್ನೇ ಮಾತಲ್ಲಿ ಹೇಳಿ: "ಮೈಗೆ ಅಂಟದೆ ನಿಲ್ಲುತ್ತೆ" ಅಥವಾ "ನೀರಿನ ಹಾಗೆ ಇಳಿಬೀಳುತ್ತೆ".

ಎಲ್ಲ ಸೇರಿಸಿದರೆ ನಮ್ಮ ಕುರ್ತಾ ಹೀಗಾಗುತ್ತೆ. ಓದಿ ಹೇಳ್ತೀನಿ, ಲಿಖಿತ ರೂಪದಲ್ಲಿ ಇದು ಹಾಗೇ ಇದೆ.

```html
<img src="kurta.jpg" lang="kn" alt="ಗಾಢ ನೀಲಿ ಹತ್ತಿ ಕುರ್ತಾ, ನೀಲಿ ಕಪ್ಪಿಗೆ ಹತ್ತಿರ. ಎ-ಲೈನ್: ಭುಜಕ್ಕೆ ಸರಿಯಾಗಿ ಕೂತು ಕಂಕುಳಿಂದ ಅಗಲವಾಗುತ್ತಾ ಮೊಣಕಾಲಿನ ಕೆಳಗೆ ಮುಗಿಯುತ್ತದೆ. ಮೊಣಕೈ ದಾಟಿದ ತೋಳು; ತುದಿಯಲ್ಲಿ ಎರಡು ಬೆರಳಗಲ ಅರಿಶಿನ ಬಣ್ಣದ ಪಟ್ಟಿ. ಹೊಳಪಿಲ್ಲ, ಒಳಗಿನದು ಕಾಣುವುದಿಲ್ಲ, ಮೈಗೆ ಅಂಟದೆ ನಿಲ್ಲುತ್ತದೆ.">
```

ಮೂರು ವಿಷಯ ಗಮನಿಸಿ. "ಇದು ಒಂದು ಫೋಟೋ" ಅಂತ ಬರೆದಿಲ್ಲ, ಅದನ್ನ ಸ್ಕ್ರೀನ್ ರೀಡರ್ ತಾನೇ ಹೇಳುತ್ತೆ. ಮುಖ್ಯವಾದದ್ದು ಮೊದಲು ಬಂದಿದೆ, ಯಾಕಂದ್ರೆ ಆಲ್ಟ್ ಟೆಕ್ಸ್ಟನ್ನ ಸಾಮಾನ್ಯವಾಗಿ ಒಂದೇ ಉಸಿರಿಗೆ ಓದಲಾಗುತ್ತೆ. ಬೇಡ ಅನಿಸಿದವರು ಮೊದಲ ವಾಕ್ಯಕ್ಕೇ ಮುಂದೆ ಹೋಗಬಹುದು. ಮತ್ತೆ `lang="kn"` ಇದೆ. ಸುತ್ತಲಿನ ಪುಟ ಜರ್ಮನ್‌ನಲ್ಲೋ ಇಂಗ್ಲಿಷ್‌ನಲ್ಲೋ ಇದ್ದಾಗ, ಇಷ್ಟು ಭಾಗ ಕನ್ನಡ ಅಂತ ಅದು ತಿಳಿಸುತ್ತೆ. ಇಲ್ಲದಿದ್ದರೆ ಬೇರೆ ಭಾಷೆಯ ದನಿ ನಮ್ಮ ಅಕ್ಷರಗಳನ್ನ ತಪ್ಪಾಗಿ ಓದಬಹುದು, ಪೂರ್ತಿ ಹಾರಿಸಿಯೂ ಬಿಡಬಹುದು.

ಅದೇ ಕುರ್ತಾದ ಬೆನ್ನಿನ ಫೋಟೋ ಇದ್ದರೆ ಇಷ್ಟನ್ನೂ ಮತ್ತೆ ಹೇಳಬೇಡಿ. "ಹಿಂಭಾಗ: ಕುತ್ತಿಗೆ ಕೆಳಗೆ ಒಂದು ಗುಂಡಿ, ಬೇರೆ ಅಲಂಕಾರ ಇಲ್ಲ" ಅಂದರೆ ಸಾಕು. ಒಗೆಯೋ ವಿಧಾನ, ಬೆಲೆ, ಅಳತೆಗಳು ಪುಟದಲ್ಲಿ ಎಲ್ಲರೂ ಓದುವ ಜಾಗದಲ್ಲಿರಲಿ.

ಬರೆದದ್ದು ಸರಿಯಾಗಿದೆಯಾ ಅಂತ ತಿಳಿಯೋಕೆ ಒಂದು ಪರೀಕ್ಷೆ ಇದೆ. ಆ ಬಟ್ಟೆ ನೋಡಿರದ ಒಬ್ಬರಿಗೆ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. ಆಮೇಲೆ ಮೂರು ನೀಲಿ ಕುರ್ತಾಗಳ ಫೋಟೋ ಮುಂದಿಟ್ಟು, ಯಾವುದು ಅಂತ ಕೇಳಿ. ಅವರು ತಡವರಿಸಿದರೆ ಯಾವ ಎರಡರ ನಡುವೆ ತಡವರಿಸಿದರು ನೋಡಿ. ಆ ಎರಡಕ್ಕೂ ಇರೋ ವ್ಯತ್ಯಾಸವೇ ನಿಮ್ಮ ವಾಕ್ಯದಲ್ಲಿ ಬಿಟ್ಟುಹೋದ ಮಾತು.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.