ಗಲ್ಲಾಪೆಟ್ಟಿಗೆಯ ಹಣ ಯಾರದು?

ರಾಬರ್ಟ್‌ಸನ್‌ಪೇಟೆಯು ಕೋಲಾರದ ಚಿನ್ನದ ಗಣಿಗಳ ಮಗ್ಗುಲಲ್ಲಿ ಬೆಳೆದ ವ್ಯಾಪಾರದ ಊರು. ಗಣಿಗಳು ನಡೆಯುತ್ತಿದ್ದಾಗ ಕಾರ್ಮಿಕರ ಸಂಬಳವೇ ಅಲ್ಲಿನ ಅಂಗಡಿಗಳಿಗೆ ಆಧಾರವಾಗಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಇಂದು ಆ ಸೀಮೆಯ ಅನೇಕರು ಪ್ರತಿದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ಬರುತ್ತಾರೆ. ಅವರ ಕೈಗೆ ಸಂಬಳ ಬಂದ ವಾರದಲ್ಲಿ ವ್ಯಾಪಾರ ಬಿರುಸಾಗುತ್ತದೆ. ತಿಂಗಳ ಕೊನೆಯಲ್ಲಿ ನಗದು ಇಳಿದು ಉದ್ದರಿ ಏರುತ್ತದೆ. ಇಂತಹ ಊರಿನ ಅಂಗಡಿಕಾರನಿಗೆ ತುಂಬಿದ ಗಲ್ಲಾಪೆಟ್ಟಿಗೆಯು ಸುಲಭವಾಗಿ ಮೋಸಮಾಡಬಲ್ಲುದು.

ಆ ಮೋಸದ ಬಗೆಯನ್ನು ತಿಳಿಯಲು ಅಲ್ಲಿ ಒಂದು ಚಿಕ್ಕ ದಿನಸಿ ಅಂಗಡಿಯಿದೆಯೆಂದು ಕಲ್ಪಿಸಿಕೊಳ್ಳೋಣ. ದಿನಕ್ಕೆ 6,000 ರೂಪಾಯಿಯಂತೆ ತಿಂಗಳಿಗೆ 1,80,000 ರೂಪಾಯಿಗಳ ವ್ಯಾಪಾರ ನಡೆಯುತ್ತದೆ. ಮಾರಿದ ಸರಕನ್ನು ಕೊಳ್ಳಲು ತಗುಲಿದ ಬೆಲೆ 1,53,000 ರೂಪಾಯಿ. ಉಳಿದ 27,000 ರೂಪಾಯಿಗಳಲ್ಲಿ ಬಾಡಿಗೆ, ವಿದ್ಯುತ್ತು, ಸಾಗಾಣಿಕೆ, ಕೆಟ್ಟುಹೋದ ಪದಾರ್ಥ ಇವುಗಳಿಗೆ 8,000 ರೂಪಾಯಿ ವೆಚ್ಚವಾಗುತ್ತದೆ. ಮಿಗುವುದು 19,000 ರೂಪಾಯಿ ಮಾತ್ರ. ಎಂದರೆ ಪೆಟ್ಟಿಗೆಗೆ ಬಿದ್ದ ಪ್ರತಿ ನೂರು ರೂಪಾಯಿಯಲ್ಲಿ ಎಂಬತ್ತೈದು ರೂಪಾಯಿ ಸರಕಿನದು. ಅದು ಮತ್ತೆ ಸರಕಾಗಿ ಅಂಗಡಿಗೆ ಹಿಂತಿರುಗಬೇಕಾದುದು.

ಲೆಕ್ಕವಿಡದ ಅಂಗಡಿಕಾರನು ಮನೆಯ ಖರ್ಚಿಗೆಂದು ಪೆಟ್ಟಿಗೆಯಿಂದ ದಿನಕ್ಕೆ 700 ರೂಪಾಯಿ ತೆಗೆಯುತ್ತಾನೆ. ಆರು ಸಾವಿರದ ಮುಂದೆ ಏಳುನೂರು ಅವನಿಗೆ ಅಲ್ಪವಾಗಿ ಕಾಣುತ್ತದೆ. ಆದರೆ ತಿಂಗಳಿಗೆ ಅದು 21,000 ರೂಪಾಯಿ. ಅದಲ್ಲದೆ ಅಂಗಡಿಯಿಂದ ಮನೆಗೆ ಹೋಗುವ ಅಕ್ಕಿ, ಬೇಳೆ, ಎಣ್ಣೆಗಳ ಬೆಲೆ 3,000 ರೂಪಾಯಿ. ಒಟ್ಟು 24,000 ಆಯಿತು. ದುಡಿಮೆಗಿಂತ 5,000 ರೂಪಾಯಿ ಹೆಚ್ಚಾಗಿ, ವರ್ಷಕ್ಕೆ 60,000 ರೂಪಾಯಿ ಬಂಡವಾಳವೇ ಕರಗುತ್ತದೆ. ಆದರೂ ಪೆಟ್ಟಿಗೆಯಲ್ಲಿ ಪ್ರತಿ ಸಂಜೆಯೂ ಹಣ ಕಾಣುತ್ತಲೇ ಇರುತ್ತದೆ. ಏಕೆಂದರೆ ಆ ಕೊರತೆಯನ್ನು ಸಗಟು ವ್ಯಾಪಾರಿಯ ಸಾಲವೂ ತೆರವಾಗುತ್ತಿರುವ ಕಪಾಟುಗಳೂ ತುಂಬುತ್ತಿರುತ್ತವೆ.

ಈ ಸೋರಿಕೆಯನ್ನು ಕಂಡುಹಿಡಿಯುವ ಉಪಾಯ ಸರಳವಾದುದು. ತಿಂಗಳಿಗೊಮ್ಮೆ ಕಪಾಟಿನ ಸರಕನ್ನು ಕೊಂಡ ಬೆಲೆಯಲ್ಲಿ ಎಣಿಸಬೇಕು. ಅದಕ್ಕೆ ಕೈಯಲ್ಲಿರುವ ನಗದನ್ನೂ ಬರಬೇಕಾದ ಉದ್ದರಿಯನ್ನೂ ಕೂಡಿಸಿ, ಸಗಟು ವ್ಯಾಪಾರಿಗೆ ಕೊಡಬೇಕಾದುದನ್ನು ಕಳೆಯಬೇಕು. ಉಳಿದುದೇ ಅಂಗಡಿಯ ನಿಜವಾದ ಬಂಡವಾಳ. ವ್ಯಾಪಾರ ಎಂದಿನಂತೆಯೇ ಇದ್ದು, ಈ ಮೊತ್ತ ಮಾತ್ರ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ, ಮನೆಯು ಅಂಗಡಿಯನ್ನು ತಿನ್ನುತ್ತಿದೆಯೆಂದು ತಿಳಿಯಬೇಕು. ವಸೂಲಾಗುವ ಭರವಸೆಯಿಲ್ಲದ ಹಳೆಯ ಉದ್ದರಿಯನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಸೇರಿಸಿದರೆ ಲೆಕ್ಕವೇ ಸುಳ್ಳಾಗುತ್ತದೆ.

ಇದಕ್ಕೆ ಪರಿಹಾರವೆಂದರೆ ಅಂಗಡಿಕಾರನು ತನಗೆ ತಾನೇ ಸಂಬಳ ಗೊತ್ತುಮಾಡಿಕೊಳ್ಳುವುದು. ಆ ಸಂಬಳವನ್ನು ಮನೆಯ ಖರ್ಚು ಎಷ್ಟೆಂದು ನೋಡಿ ನಿಶ್ಚಯಿಸುವುದಲ್ಲ. ವ್ಯಾಪಾರ ಮಂದವಾದ ತಿಂಗಳಲ್ಲಿಯೂ ಅಂಗಡಿ ಎಷ್ಟು ಕೊಡಬಲ್ಲುದೆಂದು ನೋಡಿ ನಿಶ್ಚಯಿಸಬೇಕು. ಮೇಲಿನ ಅಂಗಡಿಯಲ್ಲಿ ಮಂದವಾದ ತಿಂಗಳಲ್ಲಿ 15,000 ರೂಪಾಯಿ ಮಿಗುವುದಾದರೆ ಸಂಬಳವೂ ಅಷ್ಟೇ. ಒಳ್ಳೆಯ ತಿಂಗಳಲ್ಲಿ ಮಿಕ್ಕ 4,000 ರೂಪಾಯಿ ಅಂಗಡಿಯಲ್ಲಿಯೇ ಉಳಿದು, ಹಬ್ಬದ ಸರಕಿಗೂ ತಕ್ಕಡಿಯ ದುರಸ್ತಿಗೂ ಒದಗುತ್ತದೆ.

ಈ ಹಣವನ್ನು ಪ್ರತಿ ತಿಂಗಳೂ ಗೊತ್ತಾದ ದಿನದಂದು ಒಂದೇ ಬಾರಿಗೆ ತೆಗೆದುಕೊಂಡು ಪುಸ್ತಕದಲ್ಲಿ ಬರೆಯಬೇಕು. ಮನೆಗೆ ಒಯ್ದ ಸರಕನ್ನು ಕೊಂಡ ಬೆಲೆಯಲ್ಲಿ ಬರೆದಿಟ್ಟು ಸಂಬಳದಲ್ಲಿ ಕಳೆಯಬೇಕು. 3,000 ರೂಪಾಯಿಯ ದಿನಸಿ ಒಯ್ದವನಿಗೆ ನಗದಾಗಿ ಸಲ್ಲುವುದು 12,000 ಮಾತ್ರ. ಈಗ ಗ್ರಾಹಕರು ಮೊಬೈಲಿನ ಮೂಲಕವೂ ಹಣ ಕೊಡುತ್ತಾರೆ. ಆ ಹಣ ಮನೆಯ ಬ್ಯಾಂಕ್ ಖಾತೆಗೆ ಬಿದ್ದರೆ ಪೆಟ್ಟಿಗೆಗೆ ಹಾಕಿದ ಬೀಗ ವ್ಯರ್ಥ. ಆದುದರಿಂದ ಅಂಗಡಿಗೆ ಬೇರೆ ಖಾತೆ ಇರಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಒಬ್ಬನೇ ಒಡೆಯನಾಗಿರುವ ಅಂಗಡಿಯಲ್ಲಿ ಈ ಸಂಬಳವನ್ನು ಆದಾಯ ತೆರಿಗೆಯ ಕಾನೂನು ಖರ್ಚೆಂದು ಒಪ್ಪುವುದಿಲ್ಲ. ಒಡೆಯನು ತನ್ನ ಲಾಭದಿಂದ ಹಿಂತೆಗೆದುಕೊಂಡ ಹಣವೆಂದೇ ಅದನ್ನು ಎಣಿಸುತ್ತದೆ. ಆದ್ದರಿಂದ ಸಂಬಳವೆಂಬುದು ಇಲ್ಲಿ ಕಾನೂನಿಗಾಗಿ ಇಟ್ಟ ಹೆಸರಲ್ಲ. ಕೈಗೆ ಹಾಕಿಕೊಂಡ ಕಡಿವಾಣ.

ಅಂಗಡಿ ಕೊಡಬಲ್ಲ 15,000 ರೂಪಾಯಿ ಮನೆಗೆ ಸಾಲದೆಹೋದರೆ ಏನು ಮಾಡಬೇಕು? ವ್ಯಾಪಾರವನ್ನು ಹೆಚ್ಚಿಸಬೇಕು, ಮನೆಯ ಖರ್ಚನ್ನು ತಗ್ಗಿಸಬೇಕು, ಇಲ್ಲವೆ ಮನೆಯವರಲ್ಲಿ ಮತ್ತೊಬ್ಬರು ಬೇರೆ ದುಡಿಮೆ ಹಿಡಿಯಬೇಕು. ಸಂಬಳವನ್ನು ಗೊತ್ತುಮಾಡಿಕೊಂಡವನಿಗೆ ಈ ಕೊರತೆ ಮೊದಲ ತಿಂಗಳಲ್ಲಿಯೇ ತಿಳಿಯುತ್ತದೆ. ಗೊತ್ತುಮಾಡಿಕೊಳ್ಳದವನಿಗೆ ಅದು ತಿಳಿಯುವುದು, ಸಗಟು ವ್ಯಾಪಾರಿಯು ಸಾಲ ನಿಲ್ಲಿಸಿದ ದಿನ.