ಐದು ಅಕ್ಷರ, ಒಂದು ಬಟ್ಟೆಚೀಲ

ನ್ಯೂಜೆರ್ಸಿಯ ಒಂದು ಭಾನುವಾರದ ಕನ್ನಡ ಶಾಲೆಯ ಶಿಕ್ಷಕರ ಜೊತೆ ಈಚೆಗೆ ಮಾತನಾಡಿದೆ. ಅಲ್ಲಿ ಕಲಿಸುವವರೆಲ್ಲ ಮಕ್ಕಳ ಅಪ್ಪ ಅಮ್ಮಂದಿರೇ. ವಾರಕ್ಕೆ ಒಂದೇ ತರಗತಿ. “ಮನೇಲಿ ಚೆನ್ನಾಗಿ ಮಾತಾಡ್ತಾರೆ, ವರ್ಣಮಾಲೆಯನ್ನೂ ಹೇಳ್ತಾರೆ. ಪುಸ್ತಕ ಕೊಟ್ರೆ ಮಾತ್ರ ಬೇಜಾರು ಅಂತಾರೆ ಸರ್” ಎಂದರು ಒಬ್ಬರು.

ಆ ಬೇಜಾರಿಗೆ ಕಾರಣವಿದೆ. 49 ಅಕ್ಷರ ಮುಗಿಸಿ, ಕಾಗುಣಿತ ತಿದ್ದಿ, ಆಮೇಲೆ ಪದಕ್ಕೆ ಹೋಗುತ್ತೇವೆ ಎಂದರೆ ವಾರಕ್ಕೊಮ್ಮೆ ಬರುವ ಮಗು ಮೊದಲ ಪದ ಓದುವ ಹೊತ್ತಿಗೆ ವರ್ಷವೇ ಕಳೆದಿರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ಹಬ್ಬಿದ ನಲಿಕಲಿ ಈ ಸಾಲನ್ನು ಬಿಟ್ಟುಕೊಟ್ಟಿತು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದರಲ್ಲೇ ರಸ, ಸರ, ದರ, ಅರಸ, ಗರಗಸ ಎಲ್ಲ ಸಿಗುತ್ತವೆ. ಕಾಗುಣಿತವೂ ಬೇಡ, ಒತ್ತೂ ಬೇಡ. ಮೊದಲ ದಿನವೇ ಮಗು ಪದ ಓದುತ್ತದೆ.

ಇದನ್ನೇ ಆಟ ಮಾಡಿ ತೋರಿಸಿದೆ. ಒಂದೊಂದು ಅಕ್ಷರಕ್ಕೆ ನಾಲ್ಕರಂತೆ 20 ರಟ್ಟಿನ ಚೀಟಿ ಮಾಡಿ ಬಟ್ಟೆಚೀಲಕ್ಕೆ ಹಾಕಿ. ನಾಲ್ಕು ಮಕ್ಕಳು ಸುತ್ತ ಕೂತು ತಲಾ ನಾಲ್ಕು ಚೀಟಿ ತೆಗೆಯಲಿ. ಪದ ಜೋಡಿಸಿದವರು ಅದನ್ನು ಗಟ್ಟಿಯಾಗಿ ಓದಿ ಅಭಿನಯಿಸಬೇಕು: ಸರ ಎಂದರೆ ಕೊರಳಿಗೆ ಹಾಕಿಕೊಳ್ಳುವುದು, ಗರಗಸ ಎಂದರೆ ಮರ ಕೊಯ್ಯುವುದು. ಎರಡೂ ಆದರೆ ಒಂದು ಹುಣಸೆ ಬೀಜ. ಪದ ಹುಟ್ಟದಿದ್ದರೆ ಪಕ್ಕದವರ ಜೊತೆ ಒಂದು ಚೀಟಿ ಬದಲಾಯಿಸಿಕೊಳ್ಳಬಹುದು. ಹತ್ತು ನಿಮಿಷ ಆಡಿಸಿ, ಇನ್ನೂ ಬೇಕು ಎನ್ನುವಾಗಲೇ ನಿಲ್ಲಿಸಿ. ಅಗಸ ಎಂಬ ಪದವೂ ಈ ಐದರಲ್ಲಿದೆ. ಆದರೆ ಆ ಊರಿನ ಮಗು ಅಗಸನನ್ನು ಕಂಡಿಲ್ಲ, ಮನೆಯಲ್ಲಿ ಆ ಮಾತು ಕೇಳಿಲ್ಲ. ಅಂಥ ಪದ ಆಮೇಲೆ ಬರಲಿ.

ಇಲ್ಲೊಂದು ಎಚ್ಚರ ಬೇಕು. ಮಗು ಓದುತ್ತಿದೆಯೋ, ನೆನಪಿನಿಂದ ಹೇಳುತ್ತಿದೆಯೋ? ‘ರಸ’ದ ಎರಡು ಚೀಟಿಗಳನ್ನು ಅದಲು ಬದಲು ಮಾಡಿ ನೋಡಿ. ಓದುವ ಮಗು ಒಂದು ಗಳಿಗೆ ತಡೆದು ‘ಸ...ರ’ ಎನ್ನುತ್ತದೆ. ಊಹಿಸುವ ಮಗು ಮತ್ತೆ ‘ರಸ’ವೇ ಎನ್ನುತ್ತದೆ. ಆ ಮಗುವಿಗೆ ಇದೇ ಐದರಲ್ಲಿ ಇನ್ನೊಂದು ವಾರ ಬೇಕು. ಉಳಿದವರಿಗೆ ಜ, ವ, ಮ, ಬ, ನ ಚೀಲಕ್ಕೆ ಸೇರಲಿ. ಆಗ ಮರ, ಜನ, ಅವಸರ ಹುಟ್ಟುತ್ತವೆ.

ಒತ್ತಕ್ಷರದಲ್ಲಿ ಮಕ್ಕಳು ‘ಅಮ್ಮ’ನನ್ನು ‘ಅಮಮ’ ಎಂದು ಓದಿ ಸೋಲುತ್ತಾರೆ. ಮ ಒತ್ತಿನ ರೂಪವೇ ಬೇರೆ. ಜ ಒತ್ತಾದರೋ ಪುಟ್ಟ ಜ ದಂತೆಯೇ ಕಾಣುತ್ತದೆ. ಹಾಗಾಗಿ ‘ಅಜ್ಜ’ನಿಂದ ಶುರು ಮಾಡಿ, ‘ಅಮ್ಮ’ನಿಗೆ ಆಮೇಲೆ ಬನ್ನಿ.

ಮುಂದಿನ ಭಾನುವಾರ ವರ್ಣಮಾಲೆಯ ಪಟವನ್ನು ಗೋಡೆಯ ಮೇಲೇ ಬಿಟ್ಟು, ಈ ಐದು ಅಕ್ಷರಗಳ ಚೀಲವನ್ನು ಮಕ್ಕಳ ನಡುವೆ ಇಡಿ. ಮನೆಗೆ ಹೋಗುವಾಗ ಪ್ರತಿ ಮಗುವಿನ ಕೈಗೂ ಅದು ತಾನೇ ಓದಿದ ಒಂದು ಪದದ ಚೀಟಿ ಕೊಟ್ಟು ಕಳಿಸಿ. ಸಂಜೆ ಊರಿಗೆ ಫೋನ್ ಮಾಡಿದಾಗ ಅಜ್ಜಿಗೆ ಅದನ್ನೇ ಓದಿ ಹೇಳಲಿ.