ಕೊರೆದರೂ ಬಿರುಕು ಬಿಡದ ನೆಲ

ಆಟಗಾರ ನೆಲವನ್ನು ತನಗೆ ಬೇಕಾದ ಕಡೆ ಅಗೆಯಬಹುದಾದ ವಿಡಿಯೊ ಗೇಮ್‌ಗಳಿವೆ. ‘ಆಸ್ಟ್ರೋನೀರ್’ನಲ್ಲಿ ಇಡೀ ಗ್ರಹವನ್ನೇ ಕೊರೆಯುತ್ತಾ ಒಳಗಿಳಿಯಬಹುದು. ಇಂಥ ನೆಲವನ್ನು ಮೊದಲ ಸಲ ಕಟ್ಟಲು ಕೂತವರಿಗೆಲ್ಲ ಎದುರಾಗುವ ತೊಂದರೆ ಒಂದೇ: ಗುಹೆಯ ಗೋಡೆಯ ಮೇಲೆ ನೆಟ್ಟಗೊಂದು ಬಿರುಕು, ಅದರಾಚೆ ಬಣ್ಣವಿಲ್ಲದ ಶೂನ್ಯ. ಬಿರುಕು ಕಂಡ ಕೂಡಲೇ ಅಲ್ಲೊಂದಿಷ್ಟು ತ್ರಿಕೋನಗಳನ್ನು ಹೊಲಿದು ಮುಚ್ಚುವ ಆಸೆಯಾಗುತ್ತದೆ. ಅದು ತಪ್ಪು ದಾರಿ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಬಿರುಕು ಮೇಲ್ಮೈಯಲ್ಲಿ ಕಾಣಿಸಿದರೂ ಹುಟ್ಟುವುದು ಅದರ ಹಿಂದಿರುವ ಅಂಕಿಗಳಲ್ಲಿ. ಗಡಿಯ ಎರಡೂ ಬದಿಯವರು ಒಂದೇ ಅಂಕಿ ಓದಿ, ಒಂದೇ ನಿಯಮ ಪಾಲಿಸಿ, ಒಂದೇ ಗಳಿಗೆಯಲ್ಲಿ ಬದಲಾದರೆ ಮುಚ್ಚಲು ಬಿರುಕೇ ಇರುವುದಿಲ್ಲ.

ಮೊದಲು ನೆಲ ಕಂಪ್ಯೂಟರಿನಲ್ಲಿ ಹೇಗಿರುತ್ತದೆ ಎಂಬುದನ್ನು ನೋಡೋಣ. ಇಡೀ ಜಾಗದಲ್ಲಿ ಉದ್ದ, ಅಗಲ, ಎತ್ತರ ಮೂರೂ ದಿಕ್ಕಿನಲ್ಲಿ ಮೀಟರಿಗೊಂದರಂತೆ ಬಿಂದುಗಳನ್ನು ಇಟ್ಟಿದ್ದೇವೆ ಎಂದುಕೊಳ್ಳಿ. ಪ್ರತಿ ಬಿಂದುವಿನಲ್ಲೂ ಒಂದು ಸಂಖ್ಯೆ. ಬಿಂದು ಬಂಡೆಯೊಳಗಿದ್ದರೆ ಸಂಖ್ಯೆ ಋಣ, ಗಾಳಿಯಲ್ಲಿದ್ದರೆ ಧನ. ಅದರ ಗಾತ್ರ, ಬಂಡೆಯ ಮೇಲ್ಮೈ ಅಲ್ಲಿಂದ ಸುಮಾರು ಎಷ್ಟು ದೂರ ಎಂಬುದನ್ನು ಹೇಳುತ್ತದೆ. ಹೀಗೆ ಜಾಗವನ್ನು ಸಣ್ಣ ಸಣ್ಣ ಘನಗಳಾಗಿ ಹಿಡಿದಿಡುವುದನ್ನೇ ವಾಕ್ಸೆಲ್ ಎನ್ನುವುದು. ಬೆಟ್ಟದ ಎತ್ತರವನ್ನಷ್ಟೇ ಬರೆದಿಟ್ಟರೆ ಗುಹೆಗೆ ಜಾಗವಿರುವುದಿಲ್ಲ, ಏಕೆಂದರೆ ಒಂದು ಸ್ಥಳಕ್ಕೆ ಒಂದೇ ಎತ್ತರ. ವಾಕ್ಸೆಲ್‌ನಲ್ಲಿ ಸೂರಿನ ಮೇಲೆ ಸೂರು, ಸುರಂಗದ ಕೆಳಗೆ ಸುರಂಗ ಇರಬಹುದು.

ಈ ಸಂಖ್ಯೆಗಳಿಂದ ಕಣ್ಣಿಗೆ ಕಾಣುವ ಮೇಲ್ಮೈ ಮಾಡುವ ವಿಧಾನವೇ ಮಾರ್ಚಿಂಗ್ ಕ್ಯೂಬ್ಸ್. 1987ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಲೊರೆನ್ಸನ್ ಮತ್ತು ಹಾರ್ವೆ ಕ್ಲೈನ್ ಇದನ್ನು ಪ್ರಕಟಿಸಿದರು. ಅವರ ಮುಂದಿದ್ದದ್ದು ಆಟವಲ್ಲ, ಸಿ.ಟಿ. ಮತ್ತು ಎಂ.ಆರ್.ಐ. ಸ್ಕ್ಯಾನ್. ಪದರ ಪದರವಾಗಿ ಸಿಕ್ಕ ಚಿತ್ರಗಳಿಂದ ಮೂಳೆಯ ಮತ್ತು ಚರ್ಮದ ಆಕಾರವನ್ನು ಮೂರು ಆಯಾಮದಲ್ಲಿ ಎಬ್ಬಿಸುವುದು ಅವರ ಗುರಿಯಾಗಿತ್ತು. ಆ ವಿಧಾನದ ಅಮೆರಿಕದ ಪೇಟೆಂಟ್ ಈಗ ಮುಗಿದಿದೆ, ಯಾರು ಬೇಕಾದರೂ ಬಳಸಬಹುದು.

ಕೆಲಸ ನಡೆಯುವುದು ಒಂದೊಂದೇ ಘನದಲ್ಲಿ. ಘನಕ್ಕೆ ಎಂಟು ಮೂಲೆ. ಪ್ರತಿ ಮೂಲೆಯೂ ಬಂಡೆ ಅಥವಾ ಗಾಳಿ, ಎರಡರಲ್ಲೊಂದು. ಹೀಗಾಗಿ ಒಟ್ಟು 256 ಸಾಧ್ಯತೆಗಳು. ಯಾವ ಸಾಧ್ಯತೆಗೆ ಯಾವ ಅಂಚುಗಳನ್ನು ಕೂಡಿಸಿ ತ್ರಿಕೋನ ಎಳೆಯಬೇಕು ಎಂಬ ಕೋಷ್ಟಕ ಮೊದಲೇ ಸಿದ್ಧವಿರುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಕೋಷ್ಟಕದಲ್ಲಿ ಒಂದು ಘನಕ್ಕೆ ಹೆಚ್ಚೆಂದರೆ ಐದು ತ್ರಿಕೋನ. ತ್ರಿಕೋನದ ತುದಿ ಅಂಚಿನ ಯಾವ ಜಾಗದಲ್ಲಿ ಕೂರಬೇಕು ಎಂಬುದನ್ನು ಆ ಅಂಚಿನ ಎರಡು ತುದಿಯ ಸಂಖ್ಯೆಗಳು ತೀರ್ಮಾನಿಸುತ್ತವೆ. ಒಂದು ತುದಿಯಲ್ಲಿ `a`, ಇನ್ನೊಂದರಲ್ಲಿ `b` ಇದ್ದರೆ:

```
t = a / (a - b)
```

`a` ಎಂಬುದು -0.5, `b` ಎಂಬುದು 1.5 ಆಗಿದ್ದರೆ `t` 0.25 ಬರುತ್ತದೆ. ಅಂದರೆ ಬಂಡೆಯ ತುದಿಯಿಂದ ಕಾಲು ಭಾಗ ದೂರದಲ್ಲಿ ಮೇಲ್ಮೈ. ಗುಡ್ಡದ ಇಳಿಜಾರು ಮೆಟ್ಟಿಲಾಗದೆ ನುಣುಪಾಗಿ ಬರುವುದು ಈ ಒಂದು ಸಾಲಿನಿಂದ.

ಮೂಲ ಪ್ರಬಂಧ 256 ಸಾಧ್ಯತೆಗಳನ್ನು ಹೋಲಿಕೆಯ ಆಧಾರದ ಮೇಲೆ 15ಕ್ಕೆ ಇಳಿಸಿತ್ತು. ಅದರಲ್ಲೊಂದು ತೊಡಕಿದೆ ಎಂದು ಮರುವರ್ಷವೇ, 1988ರಲ್ಲಿ, ಡರ್ಸ್ಟ್ ಎಂಬವರು ತೋರಿಸಿಕೊಟ್ಟರು. ಘನದ ಒಂದು ಮುಖದಲ್ಲಿ ಎದುರುಬದುರಿನ ಎರಡು ಮೂಲೆ ಬಂಡೆ, ಉಳಿದೆರಡು ಗಾಳಿ ಆಗಿದ್ದರೆ ಗೆರೆಯನ್ನು ಎರಡು ರೀತಿಯಲ್ಲಿ ಎಳೆಯಬಹುದು. ಬಂಡೆಯ ಮೂಲೆಗಳನ್ನು ಜೋಡಿಸಬಹುದು, ಇಲ್ಲವೇ ಬೇರ್ಪಡಿಸಬಹುದು. ಆ ಮುಖ ಪಕ್ಕದ ಘನಕ್ಕೂ ಸೇರಿದ್ದು. ಒಂದು ಘನ ಜೋಡಿಸಿ, ಪಕ್ಕದ್ದು ಬೇರ್ಪಡಿಸಿದರೆ ನಡುವೆ ತೂತು. ಈಗಿನ ಒಳ್ಳೆಯ ಕೋಷ್ಟಕಗಳಲ್ಲಿ ಇದಕ್ಕೆ ಒಂದೇ ನಿರ್ಧಾರ, ಮತ್ತು ಅದನ್ನು ಆ ಮುಖದ ನಾಲ್ಕು ಮೂಲೆಗಳನ್ನಷ್ಟೇ ನೋಡಿ ಮಾಡಲಾಗುತ್ತದೆ. ನೆರೆಯವನಿಗೂ ಕಾಣುವುದು ಅದೇ ನಾಲ್ಕು ಮೂಲೆ, ಹಾಗಾಗಿ ಅವನ ನಿರ್ಧಾರವೂ ಅದೇ. ಮುಂದೆ ಹೇಳುವುದೆಲ್ಲ ಇದೇ ವಿಚಾರದ ವಿಸ್ತರಣೆ.

ಇಡೀ ಲೋಕವನ್ನು ಒಂದೇ ಮುದ್ದೆಯಾಗಿ ಇಟ್ಟುಕೊಂಡರೆ ಒಂದು ಹಿಡಿ ಮಣ್ಣು ತೆಗೆದರೂ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಅದಕ್ಕಾಗಿ ನೆಲವನ್ನು ಚಂಕ್‌ಗಳಾಗಿ ಕತ್ತರಿಸುತ್ತಾರೆ. ಒಂದು ಚಂಕ್‌ನಲ್ಲಿ ಪ್ರತಿ ದಿಕ್ಕಿಗೆ 32 ಘನ ಇರಲಿ. ಮೊದಲ ಎಡವಟ್ಟು ಇಲ್ಲೇ ಆಗುತ್ತದೆ. 32 ಘನಗಳಿಗೆ ಬೇಕಾದ ಬಿಂದುಗಳು 32 ಅಲ್ಲ, 33. ಕೊನೆಯ ಬಿಂದು ಪಕ್ಕದ ಚಂಕ್‌ನ ಮೊದಲ ಬಿಂದುವೇ. ಎರಡು ಹೊಲಗಳ ನಡುವಿನ ಬಾಂದು ಕಲ್ಲಿನಂತೆ ಅದು ಇಬ್ಬರಿಗೂ ಸೇರಿದ್ದು, ಇಬ್ಬರೂ ಅಳೆಯಬೇಕಾದದ್ದು ಅಲ್ಲಿಂದಲೇ. ಅದನ್ನು ಮರೆತರೆ ಎರಡು ಚಂಕ್‌ಗಳ ನಡುವೆ ಸರಿಯಾಗಿ ಒಂದು ಘನದಷ್ಟು ಅಗಲದ ಕಂದಕ ಬೀಳುತ್ತದೆ.

ಬೆಳಕಿನ ಲೆಕ್ಕಕ್ಕೆ ಇನ್ನೂ ಸ್ವಲ್ಪ ಬೇಕು. ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಎಂದು ತಿಳಿಯಲು ಪ್ರತಿ ಬಿಂದುವಿನ ಹಿಂದಿನ ಮತ್ತು ಮುಂದಿನ ಬಿಂದುಗಳ ವ್ಯತ್ಯಾಸ ನೋಡುತ್ತೇವೆ. ಆದ್ದರಿಂದ ಎರಡೂ ಬದಿಗೆ ಒಂದೊಂದು ಸೇರಿ 35 ಬಿಂದುಗಳು. ಸೊನ್ನೆಯಿಂದ ಆರಂಭವಾಗುವ ಚಂಕ್ ತನ್ನ ಆಚೆಗಿರುವ -1ರಿಂದ 33ರವರೆಗೆ ಓದುತ್ತದೆ, ಅದರ ಮುಂದಿನದು 31ರಿಂದ 65ರವರೆಗೆ. ಈ ಹೆಚ್ಚುವರಿ ಬಿಂದು ತಪ್ಪಿದರೆ ತೂತು ಬೀಳುವುದಿಲ್ಲ, ಆದರೆ ಗಡಿಯಗುಂಟ ನೆರಳು ಮುರಿದು ಗೆರೆಯೊಂದು ಕಾಣುತ್ತದೆ. ಗೆರೆ ಯಾವ ಬಗೆಯದು ಎಂದು ತಿಳಿಯಲು ಬೆಳಕಿನ ಲೆಕ್ಕವನ್ನು ಪೂರ್ತಿ ಆರಿಸಿ ನೋಡಬೇಕು. ಗೆರೆ ಮಾಯವಾದರೆ ದೋಷ ನೆರಳಿನದು, ಉಳಿದರೆ ತ್ರಿಕೋನಗಳದ್ದು.

ಇಷ್ಟಾದರೂ ಕೆಲವೊಮ್ಮೆ ಗಡಿಯಲ್ಲಿ ಸೂಜಿಮೊನೆಯಂಥ ಚುಕ್ಕಿಗಳು ಮಿನುಗುತ್ತವೆ. ಒಂದು ಚಂಕ್ ಅಂಚನ್ನು ಎಡತುದಿಯಿಂದ ಲೆಕ್ಕ ಹಾಕಿ, ಇನ್ನೊಂದು ಅದೇ ಅಂಚನ್ನು ಬಲತುದಿಯಿಂದ ಹಾಕಿದರೆ ಗಣಿತದಲ್ಲಿ ಉತ್ತರ ಒಂದೇ. ಕಂಪ್ಯೂಟರಿನಲ್ಲಿ ಮಾತ್ರ ದಶಮಾಂಶದ ಕೊನೆಯ ಅಂಕಿ ಬೇರೆಯಾಗಬಹುದು. ಯಾವಾಗಲೂ ಚಿಕ್ಕ ನಿರ್ದೇಶಾಂಕದ ತುದಿಯಿಂದಲೇ ಆರಂಭಿಸುವ ನಿಯಮವಿಟ್ಟುಕೊಂಡರೆ ಚುಕ್ಕಿಗಳು ಹೋಗುತ್ತವೆ.

ಈಗ ಗುಹೆ ಕೊರೆಯೋಣ. ಆಟಗಾರ `x` 30, `y` 10, `z` 16 ಎಂಬ ಜಾಗದಲ್ಲಿ 4 ಮೀಟರ್ ತ್ರಿಜ್ಯದ ಗೋಳವನ್ನು ತೆಗೆಯುತ್ತಾನೆ. ಪ್ರತಿ ಬಿಂದುವಿನ ಹಳೆಯ ಸಂಖ್ಯೆ `d` ಹೀಗೆ ಬದಲಾಗುತ್ತದೆ:

```
d = max(d, r - distance(p, c))
```

ಇಲ್ಲಿ ಬಹಳ ಜನ ಜಾರುತ್ತಾರೆ. ಗೋಳದೊಳಗಿನ ಬಿಂದುಗಳನ್ನು ಬದಲಿಸಿದರೆ ಸಾಕಲ್ಲವೇ ಅನ್ನಿಸುತ್ತದೆ. ಸಾಲದು. ನಮ್ಮ ಸಂಖ್ಯೆಗಳು -2ರಿಂದ 2ರೊಳಗೆ ಇರುವಂತೆ ಮಿತಿ ಹಾಕಿದ್ದೇವೆ ಎನ್ನೋಣ. ಬಂಡೆಯ ಆಳದಲ್ಲೆಲ್ಲ -2 ಇರುತ್ತದೆ. ಕೇಂದ್ರದಿಂದ 3.5 ಮೀಟರ್ ದೂರದ ಬಿಂದು ಗೋಳದೊಳಗಿದೆ, ಅದು 0.5 ಆಯಿತು. 4.5 ಮೀಟರ್ ದೂರದ ಪಕ್ಕದ ಬಿಂದು ಹೊರಗಿದೆ ಎಂದು ಮುಟ್ಟದೆ ಬಿಟ್ಟರೆ ಅದು -2 ಆಗಿಯೇ ಉಳಿಯುತ್ತದೆ. ಮೊದಲಿನ ಸೂತ್ರ ಹಾಕಿದರೆ ಗೋಡೆ 3.7 ಮೀಟರಿನಲ್ಲಿ ಬರುತ್ತದೆ. ಬೇರೆ ದಿಕ್ಕಿನಲ್ಲಿ ಬಿಂದುಗಳು ಬೇರೆ ದೂರದಲ್ಲಿರುವುದರಿಂದ ತಪ್ಪಿನ ಅಳತೆಯೂ ಬೇರೆ. ಹೀಗಾಗಿ ದುಂಡಗಿರಬೇಕಾದ ಗುಹೆ ಉಬ್ಬುತಗ್ಗಾಗುತ್ತದೆ. ಹೊರಗಿನ ಬಿಂದುವನ್ನೂ -0.5ಕ್ಕೆ ತಂದರೆ ಗೋಡೆ ಸರಿಯಾಗಿ 4 ಮೀಟರಿನಲ್ಲಿ ನಿಲ್ಲುತ್ತದೆ. ಆದ್ದರಿಂದ ತಿದ್ದುಪಡಿ ತ್ರಿಜ್ಯಕ್ಕಿಂತ ಎರಡು ಮೀಟರ್ ಆಚೆಯವರೆಗೂ ಹಬ್ಬಬೇಕು.

ಹಾಗಾದರೆ `x` ದಿಕ್ಕಿನಲ್ಲಿ ಬದಲಾಗುವ ಬಿಂದುಗಳು 25ರಿಂದ 35. ಮೊದಲ ಚಂಕ್ 33ರವರೆಗೆ ಓದುತ್ತದೆ, ಎರಡನೆಯದು 31ರಿಂದ ಶುರುಮಾಡುತ್ತದೆ. ಎರಡನ್ನೂ ಮತ್ತೆ ಕಟ್ಟಬೇಕು. ಯಾವ ಚಂಕ್ ಕಟ್ಟಬೇಕು ಎಂಬುದನ್ನು ಗೋಳದ ಕೇಂದ್ರ ಎಲ್ಲಿದೆ ಎಂದು ನೋಡಿ ತೀರ್ಮಾನಿಸಬಾರದು, ಯಾವ ಚಂಕ್ ಈ ಬಿಂದುಗಳನ್ನು ಓದುತ್ತದೆ ಎಂದು ಕೇಳಬೇಕು. ಅಗೆದ ಮೇಲಷ್ಟೇ ಕಾಣಿಸಿಕೊಳ್ಳುವ ಬಿರುಕಿಗೆ ಸಾಮಾನ್ಯ ಕಾರಣ, ಮತ್ತೆ ಕಟ್ಟದೆ ಬಿಟ್ಟ ನೆರೆಯ ಚಂಕ್. ಪರೀಕ್ಷೆ ಮಾಡುವವರು ಮೂರೂ ದಿಕ್ಕಿನ ಗಡಿಗಳು ಕೂಡುವ ಮೂಲೆಯಲ್ಲೇ ಅಗೆಯಬೇಕು. ಅಲ್ಲಿ ಒಂದೇ ಏಟಿಗೆ ಎಂಟು ಚಂಕ್‌ಗಳು ಬದಲಾಗುತ್ತವೆ, ತಪ್ಪಿದ್ದರೆ ತಕ್ಷಣ ಹೊರಬೀಳುತ್ತದೆ.

ಆಟ ನಡೆಯುತ್ತಿರುವಾಗ ಇದೆಲ್ಲ ಆಗಬೇಕಲ್ಲ, ಅದಕ್ಕೆ ಸಮಯದ ಶಿಸ್ತೂ ಬೇಕು. ಮೇಲ್ಮೈ ಕಟ್ಟುವ ಕೆಲಸವನ್ನು ಹಿನ್ನೆಲೆಯ ಥ್ರೆಡ್‌ಗಳಿಗೆ ಕೊಡುತ್ತಾರೆ, ಇಲ್ಲದಿದ್ದರೆ ಪ್ರತಿ ಏಟಿಗೂ ಚಿತ್ರ ತಡವರಿಸುತ್ತದೆ. ಒಂದು ಚಂಕ್ ಬೇಗ ಮುಗಿದು, ಇನ್ನೊಂದು ಎರಡು ಫ್ರೇಮ್ ತಡವಾದರೆ ಅಷ್ಟು ಹೊತ್ತು ಹಳೆಯ ಗೋಡೆಯ ಪಕ್ಕ ಹೊಸ ಗೋಡೆ ನಿಂತು ಬಿರುಕು ಮಿಂಚಿ ಮರೆಯಾಗುತ್ತದೆ. ಹಾಗಾಗಿ ಒಂದು ಅಗೆತಕ್ಕೆ ಸೇರಿದ ಚಂಕ್‌ಗಳೆಲ್ಲ ಸಿದ್ಧವಾಗುವವರೆಗೆ ಕಾದು, ಒಂದೇ ಫ್ರೇಮಿನಲ್ಲಿ ಬದಲಿಸಬೇಕು. ಆಟಗಾರ ಗುಂಡಿಯನ್ನು ಒತ್ತಿ ಹಿಡಿದೇ ಇದ್ದರೆ ಮೊದಲ ಲೆಕ್ಕ ಮುಗಿಯುವ ಮುನ್ನ ಎರಡನೆಯ ಏಟು ಬಿದ್ದಿರುತ್ತದೆ. ಪ್ರತಿ ಚಂಕ್‌ಗೂ ಒಂದು ಆವೃತ್ತಿ ಸಂಖ್ಯೆ ಇಟ್ಟು, ತಡವಾಗಿ ಬಂದ ಹಳೆಯ ಉತ್ತರವನ್ನು ಎಸೆಯಬೇಕು; ಇಲ್ಲವಾದರೆ ತೆಗೆದ ಮಣ್ಣು ಮತ್ತೆ ಬಂದು ಕೂರುತ್ತದೆ. ಕಾಲಿಗೆ ತಗಲುವ ನೆಲ, ಅಂದರೆ ಡಿಕ್ಕಿಯ ಲೆಕ್ಕಕ್ಕೆ ಬಳಸುವ ಆಕಾರ, ಕಾಣುವ ನೆಲದ ಜೊತೆಗೇ ಬದಲಾಗಬೇಕು. ಅದು ಹಿಂದೆ ಬಿದ್ದರೆ ಆಟಗಾರ ತಾನೇ ತೋಡಿದ ಗುಂಡಿಯ ಮೇಲೆ ಗಾಳಿಯಲ್ಲಿ ನಿಂತಿರುತ್ತಾನೆ.

ತಿದ್ದಿದ ಗುಹೆ ಮರುದಿನವೂ ಇರಬೇಕಾದರೆ ಉಳಿಸಿಡಬೇಕಾದದ್ದು ತ್ರಿಕೋನಗಳನ್ನಲ್ಲ, ಸಂಖ್ಯೆಗಳನ್ನು. ಬಿಂದುವಿಗೊಂದು ಬೈಟ್‌ನಂತೆ ಒಂದು ಚಂಕ್‌ಗೆ 32,768 ಬೈಟ್, ಅಂದರೆ 32 ಕಿಲೋಬೈಟ್. ಯಾರೂ ಮುಟ್ಟದ ಚಂಕ್‌ಗಳನ್ನು ಸೂತ್ರದಿಂದ ಮತ್ತೆ ಹುಟ್ಟಿಸಬಹುದು, ಮುಟ್ಟಿದವನ್ನು ಮಾತ್ರ ಬರೆದಿಟ್ಟರೆ ಸಾಕು. ಗಡಿಯ ಬಿಂದುವನ್ನು ಎರಡು ಕಡೆ ಬರೆದಿಡಬೇಡಿ. ಅದಕ್ಕೆ ಒಬ್ಬನೇ ಒಡೆಯ ಇರಲಿ, ಮತ್ತೊಬ್ಬ ಅವನಲ್ಲಿ ಕೇಳಿ ಓದಲಿ.

ಒಂದೇ ಅಂಕಿ ಎಂಬ ನಿಯಮ ಮುರಿಯಲೇಬೇಕಾದ ಜಾಗವೂ ಒಂದಿದೆ. ದೂರದ ಬೆಟ್ಟಕ್ಕೆ ಮೀಟರಿಗೊಂದು ಬಿಂದು ದುಬಾರಿ, ಎರಡು ಮೀಟರಿಗೊಂದು ಇಡುತ್ತೇವೆ. ಆಗ ಗಡಿಯ ಒಂದು ಬದಿಗೆ ಗೊತ್ತಿರುವ ಬಿಂದುಗಳಲ್ಲಿ ಎಷ್ಟೋ ಇನ್ನೊಂದು ಬದಿಗೆ ಗೊತ್ತೇ ಇರುವುದಿಲ್ಲ. ಎರಿಕ್ ಲೆಂಗೈಲ್ 2010ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಇದಕ್ಕೆಂದೇ ಟ್ರಾನ್ಸ್‌ವಾಕ್ಸೆಲ್ ಎಂಬ ವಿಧಾನ ಕೊಟ್ಟರು. ಗಡಿಯಲ್ಲಿ ತೆಳುವಾದ ಸಂಧಿಘನಗಳನ್ನು ಕೂರಿಸಿ, ಅವುಗಳ ಸೂಕ್ಷ್ಮ ಮುಖದ ಒಂಬತ್ತು ಬಿಂದುಗಳಿಂದ ಬರುವ 512 ಸಾಧ್ಯತೆಗಳಿಗೆ ಕೋಷ್ಟಕ ಮಾಡಿದರು. ಬಿರುಕು ನಿಲ್ಲುತ್ತದೆ. ಆದರೆ ಆಟಗಾರ ಕೊರೆದ ಕಿರಿದಾದ ಸುರಂಗ ಎರಡು ಮೀಟರ್ ಅಂತರದ ಬಿಂದುಗಳ ನಡುವೆ ಪೂರ್ತಿ ನುಸುಳಿಹೋಗಬಹುದು, ಆಗ ದೂರದಿಂದ ಅದರ ಬಾಯಿ ಮುಚ್ಚಿದಂತೆಯೇ ಕಾಣುತ್ತದೆ. ಇದಕ್ಕೆ ಕೋಷ್ಟಕದಲ್ಲಿ ಉತ್ತರವಿಲ್ಲ. ಆಟಗಾರ ತಿದ್ದಿದ ಚಂಕ್‌ಗಳನ್ನು ಉಳಿದವುಗಳಿಗಿಂತ ಹೆಚ್ಚು ದೂರದವರೆಗೆ ಒಂದು ಮೀಟರ್ ಅಂತರದಲ್ಲೇ ಉಳಿಸಿಕೊಂಡು, ಅದಕ್ಕೆ ತಗಲುವ ಮೆಮೊರಿಯ ಬೆಲೆಯನ್ನು ತೆರಬೇಕಾಗುತ್ತದೆ.